ಒಂದೇ ಒಂದು ಸೆಟ್

"ನಿಮ್ಮ ಸಿನಿಮಾ ಏನೂ ಉಪಯೋಗಕ್ಕೆ ಬರಲಿಲ್ಲ ಮೇಡಂ," ಎಂದು ಕೋಚ್ ಡಿಸ್ಕಿನ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟ.

ಅವಳು ಡಬ್ಬಿ ತೆರೆದು ಡಿಸ್ಕಿಗೆ ಗೀರು ಬಿದ್ದಿದೆಯೇ ಎಂದು ನೋಡಿದಳು. ಲೈಬ್ರರಿಯ ಸಿನಿಮಾ ವಿಭಾಗ ನೋಡಿಕೊಳ್ಳುವುದು ಅವಳ ಕೆಲಸ. ನಾಲ್ಕು ಸಾವಿರ ಡಿಸ್ಕು, ಇಪ್ಪತ್ತು ಕುರ್ಚಿಯ ಒಂದು ಪ್ರದರ್ಶನ ಕೋಣೆ, ಆಗಾಗ ಕೈಕೊಡುವ ಒಂದು ಪ್ರೊಜೆಕ್ಟರ್, ಇಷ್ಟು ಅವಳ ಸಂಸಾರ. ಯಾರಿಗೆ ಯಾವ ಸಿನಿಮಾ ಕೊಡಬೇಕು ಎನ್ನುವುದರಲ್ಲಿ ಅವಳ ಅಂದಾಜು ತಪ್ಪಿದ್ದು ಕಡಿಮೆ. ತಪ್ಪಲೇಬೇಕೆಂದಿದ್ದರೆ ಬೇರೆ ಯಾರ ವಿಷಯದಲ್ಲಾದರೂ ತಪ್ಪಬಾರದಿತ್ತೇ?

ಈತ ಮಹಿಳಾ ವಾಲಿಬಾಲ್ ಕ್ಲಬ್ಬಿನ ಕೋಚ್. ತಂಡದಲ್ಲಿ ಒಬ್ಬ ನರ್ಸ್, ಇಬ್ಬರು ಟೈಲರ್‌ಗಳು, ಒಬ್ಬ ಬ್ಯಾಂಕ್ ಗುಮಾಸ್ತೆ, ಎಲ್ಲರೂ ಕೆಲಸ ಮುಗಿಸಿ ಬಂದು ಆಡುವವರು. ಈ ವರ್ಷ ಒಂಬತ್ತು ಪಂದ್ಯ ಆಡಿ ಒಂಬತ್ತರಲ್ಲೂ ಸೋತಿದ್ದರು. ಬರೀ ಸೋತಿದ್ದರೆ ಪರವಾಗಿರಲಿಲ್ಲ, ಮೂರು ಸೆಟ್ ಗೆದ್ದವರಿಗೆ ಪಂದ್ಯ ಎನ್ನುವ ಆಟದಲ್ಲಿ ಇವರು ಒಂದು ಸೆಟ್ ಕೂಡ ಗೆದ್ದಿರಲಿಲ್ಲ. ಶನಿವಾರದ ಕೊನೆಯ ಪಂದ್ಯದಲ್ಲಾದರೂ ಒಂದು ಸೆಟ್ ಗೆಲ್ಲದಿದ್ದರೆ ತಂಡವನ್ನು ಮುಚ್ಚುತ್ತೇವೆ ಎಂದು ಕ್ಲಬ್ಬಿನ ಸಮಿತಿ ಹೇಳಿಬಿಟ್ಟಿತ್ತು. ತಂಡ ಮುಚ್ಚಿದರೆ ಕೋಚ್ ಬೇರೆ ಊರಿಗೆ ಹೋಗುತ್ತಾನೆ. ಅವನ ಹಳೆಯ ಗುರುಗಳು ಅಲ್ಲಿ ಕೆಲಸ ಇಟ್ಟುಕೊಂಡು ಕಾಯುತ್ತಿದ್ದಾರೆ. ಈ ಸಂಗತಿಯನ್ನು ಅವನು ಹೋದ ವಾರ ಇದೇ ಕೌಂಟರಿನಲ್ಲಿ, ಮಳೆ ಬರಬಹುದು ಎನ್ನುವಷ್ಟೇ ಸಲೀಸಾಗಿ ಹೇಳಿದ್ದ. ಅಂದಿನಿಂದ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

"ಯಾಕೆ? ಏನಾಯ್ತು?" ಎಂದಳು.

"ಹುಡುಗೀರು ನಕ್ಕುಬಿಟ್ರು. ಕೊನೇಲಿ ಗೋಲ್ ಹೊಡೆದು ಎಲ್ರೂ ಅಳ್ತಾರಲ್ಲ, ಆಗ ನಮ್ಮ ನರ್ಸ್ ಆಕಳಿಸಿದ್ಲು. 'ಸಾರ್, ಒಂದು ಗೋಲಿಗೆ ಇಷ್ಟು ರಂಪಾನಾ?' ಅಂದ್ಲು."

'ಹನ್ನೊಂದು ಸೊನ್ನೆ' ನೋಡಿ ಆಕಳಿಕೆಯೇ? ಅವಳಿಗೆ ನಂಬಲಾಗಲಿಲ್ಲ. ಲಾಂಡ್ರಿಯಲ್ಲಿ ದುಡಿಯುವ ಹೆಂಗಸರ ಫುಟ್‌ಬಾಲ್ ತಂಡದ ಕಥೆ ಅದು. ಅವಳು ಆರು ಸಲ ನೋಡಿ ಆರು ಸಲವೂ ಮೂಗು ಒರೆಸಿಕೊಂಡಿದ್ದಳು.

"ಪೂರ್ತಿ ತೋರಿಸಿದ್ರಾ?"

"ಪೂರ್ತಿ ಅಂದ್ರೆ..." ಅವನು ಕತ್ತು ಕೆರೆದುಕೊಂಡ. "ಆಟ ಇರೋದನ್ನಷ್ಟೇ ತೋರಿಸಿದೆ. ಇಪ್ಪತ್ತೆರಡು ನಿಮಿಷ. ನಾವು ಮ್ಯಾಚ್ ವಿಡಿಯೋ ನೋಡೋದೇ ಹಾಗೆ. ಬಾಲ್ ಓಡಾಡ್ತಿದ್ರೆ ನೋಡೋದು, ಇಲ್ಲಾಂದ್ರೆ ಮುಂದಕ್ಕೆ ಓಡಿಸೋದು. ಮಾತುಕತೆ ಎಲ್ಲ ಕತ್ತರಿಸಿಬಿಟ್ಟೆ."

ಒಂದು ಕ್ಷಣ ಅವಳಿಗೆ ನಗಬೇಕೋ ಡಬ್ಬಿಯಿಂದ ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ.

"ಅಲ್ರೀ, ಹಸಿವೇ ಇಲ್ಲದವರಿಗೆ ಊಟ ಬಡಿಸಿ ರುಚಿ ಇಲ್ಲ ಅಂತೀರಲ್ಲ! ಕೂತ್ಕೊಳ್ಳಿ ಇಲ್ಲಿ."

ಅವನು ವಿಧೇಯ ವಿದ್ಯಾರ್ಥಿಯಂತೆ ಕುಳಿತ. ಕೊರಳಲ್ಲಿ ಎಂದಿನಂತೆ ವಿಶಲ್ ತೂಗುತ್ತಿತ್ತು. ಅವಳ ಅತ್ತಿಗೆ ಇವನಿಗೆ 'ವಿಶಲ್ ಸಾರ್' ಎಂದೇ ಹೆಸರಿಟ್ಟಿದ್ದಳು. "ನಿಮ್ಮ ವಿಶಲ್ ಸಾರ್ ಇವತ್ತು ಯಾವ ಡಿಸ್ಕ್ ತಗೊಂಡ್ರು?" ಎಂದು ದಿನಾ ಕೆಣಕುವುದು ಅವಳ ಸಂಜೆಯ ಕಾಯಕ.

"ಮೊದಲನೇ ಮ್ಯಾಚಲ್ಲಿ ಹನ್ನೊಂದು ಸೊನ್ನೆಯಿಂದ ಸೋಲ್ತಾರೆ, ಅದನ್ನ ತೋರಿಸಿದ್ರಿ. ಆಮೇಲೆ ಗೋಲ್‌ಕೀಪರ್ ಮನೆಗೆ ಹೋಗಿ ಕೆಸರಾದ ಗ್ಲೌಸನ್ನ ಅಮ್ಮನಿಗೆ ಕಾಣದ ಹಾಗೆ ಬಕೆಟ್ ಹಿಂದೆ ಬಚ್ಚಿಡ್ತಾಳೆ. ಅದನ್ನ ತೋರಿಸಿದ್ರಾ?"

"ಅದರಲ್ಲಿ ಬಾಲೇ ಇಲ್ವಲ್ಲ."

"ಅದಕ್ಕೇ ನಾವು ಅವಳ ಕಡೆ ಆಗೋದು! ಸೋತಿದ್ದು ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ. ಆ ಸೋಲು ಅವಳಿಗೆ ಎಷ್ಟು ನಾಚಿಕೆ ತಂದಿದೆ ಅಂತ ನೋಡಿದ್ರೆ, ನಮ್ಮ ಸ್ವಂತ ನಾಚಿಕೆ ನೆನಪಾಗುತ್ತೆ. ಎಷ್ಟೇ ದೊಡ್ಡ ಮನುಷ್ಯ ಆಗ್ಲಿ, ಒಳಗೊಳಗೆ ತಾನು ಕಡಿಮೆ ಅಂತಾನೇ ಅಂದ್ಕೊಂಡಿರ್ತಾನೆ ಅಲ್ವಾ?"

ಅವನು ಅವಳನ್ನೇ ನೋಡುತ್ತಿದ್ದ. ಅವಳು ನೋಟ ತಪ್ಪಿಸಿ ಡಬ್ಬಿಯ ಅಂಚನ್ನು ಉಜ್ಜಿದಳು.

"ಆಮೇಲೆ, ಅವರಿಗೆ ಕಪ್ ಬೇಡ. ಒಂದೇ ಒಂದು ಗೋಲ್ ಬೇಕು. ಆಸೆ ಚಿಕ್ಕದಿದ್ದಷ್ಟೂ ನಮಗೆ ಅದರ ಲೆಕ್ಕ ಸುಲಭ. ಆಟದ ಸಿನಿಮಾಗೆ ಸ್ಕೋರ್‌ಬೋರ್ಡ್ ಅನ್ನೋದು ದೊಡ್ಡ ವರ. ಎಷ್ಟು ದೂರ ಇದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿಯಮ ಎರಡು ಕಡೆಗೂ ಒಂದೇ, ಬಲ ಮಾತ್ರ ಬೇರೆ. ಅದಕ್ಕೇ ಗೆದ್ರೆ ನ್ಯಾಯ ಸಿಕ್ಕಿದ ಹಾಗಾಗುತ್ತೆ."

"ಎದುರಿನ ಟೀಮಿನವಳು ಒಬ್ಬಳೇ ಪ್ರಾಕ್ಟೀಸ್ ಮಾಡೋ ಸೀನ್ ಇತ್ತು. ಅದನ್ನೂ ಓಡಿಸಿದೆ. ನಮ್ಮವಳಲ್ವಲ್ಲ ಅಂತ."

"ಅಯ್ಯೋ! ಎದುರಾಳಿ ಕೆಟ್ಟವಳಾಗಿದ್ರೆ ಸಾಲದು, ಒಳ್ಳೇ ಆಟಗಾರ್ತಿ ಆಗಿರಬೇಕು. ಸೋಲೋದೇ ಸಹಜ ಅಂತ ನಮಗೆ ಅನ್ಸಬೇಕು. ಇನ್ನೊಂದು, ಮಧ್ಯದಲ್ಲಿ ಇವರು ಸ್ವಲ್ಪ ಸುಧಾರಿಸ್ತಾರೆ, ನಮಗೂ ಆಸೆ ಹುಟ್ಟುತ್ತೆ, ಆಗ ತಮ್ಮತಮ್ಮಲ್ಲೇ ಜಗಳ ಮಾಡ್ಕೊಂಡು ಮತ್ತೆ ಸೋಲ್ತಾರೆ. ಆ ಸೋಲು ಅವರದೇ ತಪ್ಪು. ಅಲ್ಲಿಂದ ಎದ್ದರೆ ಮಾತ್ರ ಕೊನೇ ಗೋಲು ಅವರ ಸಂಪಾದನೆ. ಇಲ್ಲಾಂದ್ರೆ ಬರೀ ಅದೃಷ್ಟ."

ಅವನು ನಿಧಾನವಾಗಿ ನಕ್ಕ. "ನಾನು ಕತ್ತರಿಸಿ ಎಸೆದಿದ್ದೇ ಸಿನಿಮಾ ಅನ್ನಿ."

ಗುರುವಾರ ಸಂಜೆ ಅವಳು ಪ್ರದರ್ಶನ ಕೋಣೆಯನ್ನು ತಂಡಕ್ಕೆ ತೆರೆದಳು. ಹತ್ತು ಮಂದಿ ಬೆವರಿನ ಜರ್ಸಿಯಲ್ಲೇ ಬಂದು ಕುಳಿತರು. ಪ್ರೊಜೆಕ್ಟರ್ ಕೈಕೊಟ್ಟರೆ ಏನು ಗತಿ ಎಂದು ಅವಳು ಒಂದು ಗಂಟೆ ನಲವತ್ತು ನಿಮಿಷವೂ ಅದರ ಪಕ್ಕದಲ್ಲೇ ನಿಂತಿದ್ದಳು. ಪರದೆ ನೋಡಲಿಲ್ಲ, ಮುಖಗಳನ್ನು ನೋಡಿದಳು. ಗ್ಲೌಸ್ ಬಚ್ಚಿಡುವಾಗ ಟೈಲರ್‌ಗಳಿಬ್ಬರೂ ಕೈ ಹಿಡಿದುಕೊಂಡರು. ಜಗಳದ ದೃಶ್ಯ ಬಂದಾಗ ಬ್ಯಾಂಕ್ ಗುಮಾಸ್ತೆಯಾದ ಕ್ಯಾಪ್ಟನ್ ಮೆಲ್ಲನೆ ನರ್ಸ್ ಕಡೆ ತಿರುಗಿದಳು. ಹಿಂದಿನ ವಾರದಿಂದ ಇಬ್ಬರ ನಡುವೆ ಮಾತು ನಿಂತಿತ್ತಂತೆ. ಕೊನೆಯ ಗೋಲಿಗೆ ನರ್ಸ್ ಆಕಳಿಸಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

"ಇನ್ನೂ ಇದೆಯಾ ಮೇಡಂ ಇಂಥದ್ದು?" ಎಂದು ಎಲ್ಲರೂ ಮುತ್ತಿಕೊಂಡರು. ಅವಳು ಎರಡು ಡಬ್ಬಿ ತೆಗೆದಳು. 'ಎಂಟನೇ ಲೇನ್', ನಿಧಾನಗತಿಯವರಿಗೆ ಸಿಗುವ ಅಂಚಿನ ಲೇನಿನಲ್ಲಿ ಈಜುವ ಹುಡುಗಿಯದು. ಅವಳಿಗೆ ಪದಕ ಬೇಡ, ತನ್ನ ಹಳೆಯ ಸಮಯಕ್ಕಿಂತ ಅರ್ಧ ಸೆಕೆಂಡು ಕಡಿಮೆ ಬೇಕು. 'ಕಡೆಯ ಓಟಗಾರ್ತಿ', ಎಲ್ಲರೂ ಮನೆಗೆ ಹೋದ ಮೇಲೆ ಮ್ಯಾರಥಾನ್ ಮುಗಿಸುವವಳದು. "ಈಜಿನದ್ದನ್ನ ಪಂದ್ಯಕ್ಕೆ ಮುಂಚೆ ನೋಡಿ, ಓಟದ್ದನ್ನ ಸೋತ ಮೇಲೆ ನೋಡಿ," ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸೋತ ಮೇಲೆ! ಎಂಥ ಅಪಶಕುನದ ಬಾಯಿ ತನ್ನದು!

ಶುಕ್ರವಾರವಿಡೀ ಅವಳು ವಾಪಸು ಬಂದ ಡಿಸ್ಕುಗಳನ್ನು ತಪ್ಪು ಕಪಾಟಿನಲ್ಲಿಟ್ಟಳು. ಮನೆಯಲ್ಲಿ ಅತ್ತಿಗೆ ನೋಡಿ ನೋಡಿ ಕೊನೆಗೆ ಬಾಯಿಬಿಟ್ಟಳು.

"ಹೇಳಿಬಿಡು ಅವರಿಗೆ."

"ಗೆದ್ದರೆ ಹೇಳ್ತೀನಿ ಅತ್ತಿಗೆ."

"ಗೆದ್ದ ಮೇಲೆ ಹೇಳೋದಕ್ಕೆ ನೀನೇ ಬೇಕಾ? ಆಗ ಊರಿಗೆ ಊರೇ ಅವರನ್ನ ಅಪ್ಕೊಳ್ಳುತ್ತೆ. ದಿನಾ ಸಿನಿಮಾ ನೋಡ್ತೀಯ, ಇಷ್ಟೂ ಗೊತ್ತಾಗಲ್ವಾ?"

ಆ ಮಾತು ನೇರ ಎದೆಗೆ ನಾಟಿತು. ಅವಳು ಇಷ್ಟು ದಿನ ಮಾಡಿದ್ದೇನು? ಆಟಕ್ಕೇ ಇಳಿಯದೆ, ಸೋಲಲೇ ಇಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದಳು. ಲಾಂಡ್ರಿಯ ಹೆಂಗಸರು ಅವಳಿಗಿಂತ ಸಾವಿರ ಪಾಲು ಮೇಲು. ಅವರು ಸೋಲುತ್ತೇವೆಂದು ಗೊತ್ತಿದ್ದೂ ಮೈದಾನಕ್ಕೆ ಹೋಗಿದ್ದರು.

ಶನಿವಾರ, ಪಂದ್ಯಕ್ಕೆ ಇಪ್ಪತ್ತು ನಿಮಿಷ ಇರುವಾಗ, ಒಳಾಂಗಣ ಕ್ರೀಡಾಂಗಣದ ಕಾರಿಡಾರಿನಲ್ಲಿ ಅವನನ್ನು ಹಿಡಿದಳು. ಅವನ ಕೈಯಲ್ಲಿ ಆಟಗಾರರ ಪಟ್ಟಿಯಿತ್ತು.

"ನಿಮಗೊಂದು ವಿಷಯ ಹೇಳಬೇಕು. ನೀವು ಈ ಊರು ಬಿಟ್ಟು ಹೋಗೋದು ನನಗೆ ಇಷ್ಟ ಇಲ್ಲ. ಟೀಮಿಗೋಸ್ಕರ ಅಲ್ಲ. ನನಗೋಸ್ಕರ. ನೀವಂದ್ರೆ ನನಗೆ ಇಷ್ಟ. ತುಂಬಾ."

ಅವನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಕಾಗದ ನೋಡಿದ.

"ಈಗ ಹೇಳ್ತೀರಾ? ಈಗ?" ಎಂದ. "ನಾನು... ಪಟ್ಟಿ ಕೊಡಬೇಕು." ಹಾಗೆಂದು ಹೊರಟೇಹೋದ, ಅದೂ ತಪ್ಪು ದಿಕ್ಕಿಗೆ. ಅರ್ಧ ದಾರಿಯಿಂದ ತಿರುಗಿ ಅವಳ ಮುಂದೆಯೇ ಮತ್ತೆ ಹಾದುಹೋದ.

ಅವಳು ಒಳಗೆ ಹೋಗಿ ಪ್ರೇಕ್ಷಕರ ಮೆಟ್ಟಿಲಿನ ಮೇಲೆ ಕುಳಿತಳು. ಮೊದಲ ಸೆಟ್ ಹದಿನಾಲ್ಕು–ಇಪ್ಪತ್ತೈದು. ಎರಡನೆಯದು ಹದಿನಾರು–ಇಪ್ಪತ್ತೈದು. ಕೋಚ್ ಬದಲಿ ಆಟಗಾರ್ತಿಯನ್ನು ಕರೆಯುವುದನ್ನೇ ಒಮ್ಮೆ ಮರೆತ. ಎಲ್ಲಾ ತನ್ನಿಂದ, ತನ್ನ ಹಾಳು ಬಾಯಿಯಿಂದ, ಎಂದು ಅವಳು ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿದಳು. ಎದುರಿನ ತಂಡ ನಿಜಕ್ಕೂ ಚೆನ್ನಾಗಿ ಆಡುತ್ತಿತ್ತು. ಅವರನ್ನು ಬೈಯುವುದಕ್ಕೂ ಕಾರಣ ಸಿಗಲಿಲ್ಲ.

ಮೂರನೆಯ ಸೆಟ್ಟಿನಲ್ಲಿ ಕ್ಯಾಪ್ಟನ್ ಎತ್ತಿಕೊಟ್ಟ ಚೆಂಡುಗಳೆಲ್ಲ ನರ್ಸ್ ಕಡೆಗೇ ಹೋಗತೊಡಗಿದವು. ಹದಿನೆಂಟಕ್ಕೆ ಸಮ. ಇಪ್ಪತ್ತೊಂದಕ್ಕೆ ಸಮ. ಇಪ್ಪತ್ಮೂರು–ಇಪ್ಪತ್ನಾಲ್ಕು. ಎದುರಿನವರಿಗೆ ಒಂದೇ ಅಂಕ ಸಾಕು, ಪಂದ್ಯ ಮುಗಿಯುತ್ತದೆ, ತಂಡ ಮುಗಿಯುತ್ತದೆ, ಅವನು ಹೋಗುತ್ತಾನೆ. ಕೋಚ್ ಟೈಮ್‌ಔಟ್ ಕೇಳಿದ. ಮೂವತ್ತು ಸೆಕೆಂಡು ಏನು ಹೇಳಿದನೋ, ಹುಡುಗಿಯರು ನಗುತ್ತಾ ಒಳಗೆ ಹೋದರು. ನರ್ಸ್ ಹೊಡೆದ ಚೆಂಡು ಗೆರೆಯ ಒಳಗೆ ಬಿತ್ತು. ಇಪ್ಪತ್ನಾಲ್ಕಕ್ಕೆ ಸಮ. ಮುಂದಿನದು ಎದುರಾಳಿಯ ಕೈಗೆ ತಾಗಿ ಹೊರಹೋಯಿತು. ಸೆಟ್ ಸಿಗಲು ಎರಡು ಅಂಕ ಮುಂದಿರಬೇಕು, ಇನ್ನೊಂದು ಬೇಕಿತ್ತು. ಆಮೇಲೆ ಟೈಲರ್‌ಗಳಿಬ್ಬರೂ ಬಲೆಯ ಮೇಲೆ ಒಟ್ಟಿಗೆ ಹಾರಿ ಒಂದು ಹೊಡೆತವನ್ನು ತಡೆದರು, ಚೆಂಡು ಆಚೆ ಕಡೆಗೇ ಬಿತ್ತು.

ಇಪ್ಪತ್ತಾರು–ಇಪ್ಪತ್ನಾಲ್ಕು. ಹತ್ತು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ಎದುರಿನ ತಂಡ ಕಣ್ಣು ಕಣ್ಣು ಬಿಟ್ಟು ನೋಡಿತು. ಒಂದು ಸೆಟ್ಟಿಗೆ ಇಷ್ಟು ರಂಪವೇ ಎಂದು ಅವರಿಗೆ ಅನ್ನಿಸಿರಬೇಕು. ಅವಳು ಮಾತ್ರ ಎಲ್ಲರೆದುರು ಗಳಗಳ ಅತ್ತಳು.

ನಾಲ್ಕನೆಯ ಸೆಟ್ ಸೋತು ಪಂದ್ಯವೂ ಹೋಯಿತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಂತಿರಲಿಲ್ಲ. ಸಮಿತಿಯ ಅಧ್ಯಕ್ಷರು ಇನ್ನೊಂದು ವರ್ಷ ಎಂದು ಕ್ಯಾಪ್ಟನ್ ಕೈ ಕುಲುಕಿ ಹೋದರು. ಅವಳು ಸದ್ದಿಲ್ಲದೆ ಹೊರಡಬೇಕೆಂದು ಚಪ್ಪಲಿ ಹುಡುಕುತ್ತಿರುವಾಗ ಕೋಚ್ ಎರಡೆರಡು ಮೆಟ್ಟಿಲು ಹಾರಿ ಬಂದ.

"ಮೊದಲ ಎರಡು ಸೆಟ್ ಹಾಳಾಗಿದ್ದು ನಿಮ್ಮಿಂದ," ಎಂದ. ಏದುಸಿರು ಬಿಡುತ್ತಿದ್ದ.

"ಗೊತ್ತು. ಕ್ಷಮಿಸಿ."

"ಟೈಮ್‌ಔಟಲ್ಲಿ ಹುಡುಗೀರಿಗೆ ಹೇಳಿಬಿಟ್ಟೆ. 'ನಮ್ಮ ಸಿನಿಮಾ ಮೇಡಂ ನನಗೆ ಏನು ಹೇಳಿದ್ರು ಗೊತ್ತಾ' ಅಂತ. ಅದಕ್ಕೇ ನಗ್ತಾ ಹೋದ್ರು."

ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. "ಅಯ್ಯೋ! ಎಲ್ಲರಿಗೂ? ಏನಂದ್ರು?"

"'ಮತ್ತೆ ನೀವೇನಂದ್ರಿ ಸಾರ್' ಅಂತ ಕೇಳಿದ್ರು. ಪಟ್ಟಿ ಕೊಡಬೇಕು ಅಂದೆ ಅಂತ ಹೇಳಿದೆ. ತಲೆ ಚಚ್ಚಿಕೊಂಡ್ರು."

ಅವಳು ನಗಲು ಹೋದಳು, ಆಗಲಿಲ್ಲ. "ಈಗ ಟೀಮ್ ಉಳೀತು. ನೀವು ಇರ್ತೀರಿ. ಅಷ್ಟು ಸಾಕು ನನಗೆ. ಬೇರೆ ಏನೂ ಹೇಳಬೇಕಾಗಿಲ್ಲ."

"ಟೀಮ್ ಉಳೀತು ಅಂತ ಅಲ್ಲ ನಾನು ಇರೋದು," ಎಂದು ಅವನು ಅವಳ ಪಕ್ಕದಲ್ಲಿ ಕುಳಿತ. ಅವಳ ಕಡೆ ನೋಡದೆ ಮುಂದುವರಿಸಿದ. "ಬೆಳಿಗ್ಗೇನೇ ಗುರುಗಳಿಗೆ ಫೋನ್ ಮಾಡಿ ಬರಲ್ಲ ಅಂದೆ. ಸೆಟ್ ಗೆಲ್ತೀವಿ ಅನ್ನೋ ನಂಬಿಕೆ ಆಗ ಒಂದು ಚೂರೂ ಇರಲಿಲ್ಲ. ಟೀಮ್ ಹೋದ್ರೆ ಈಜುಕೊಳದಲ್ಲಿ ಟಿಕೆಟ್ ಹರೀತೀನಿ ಅಂದೆ. ಯಾಕಪ್ಪಾ ಅಂತ ಬೈದ್ರು. ಒಬ್ಬರು ಇದ್ದಾರೆ ಸಾರ್, ಅವರನ್ನ ಇನ್ನೂ ಕೇಳಿಲ್ಲ, ಕೇಳಿದ್ರೆ ಇಲ್ಲ ಅಂತಾರೇನೋ ಅಂದೆ."

ಕೆಳಗೆ ಬಲೆ ಬಿಚ್ಚುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ಸಾಲಾಗಿ ನಿಂತು ಮೇಲೆ ನೋಡುತ್ತಿದ್ದರು, ನಾಚಿಕೆ ಮಾನ ಒಂದೂ ಇಲ್ಲದೆ.

"ಕೇಳಿ ಮತ್ತೆ," ಎಂದಳು ಅವಳು.

ಅವನು ಕೇಳಿದ.