ಮಾರ್ಜಿನ್ ಬಿಡದ ಮೆಸೇಜು

“ಪ್ಯಾಂಟು ಇಷ್ಟು ಗಿಡ್ಡ ಮಾಡಿದ್ದೀರಲ್ಲ, ನಾನೇನು ಹೊಳೆ ದಾಟ್ಬೇಕಾ?”

ಅವರ ಪ್ರೀತಿ ಶುರುವಾದದ್ದು ಹೀಗೆ, ಜಗಳದಿಂದ. ಅವನು ವೆಲ್ಡರ್, ಅವಳು ಟೈಲರ್.

“ಒಳಗೆ ಮಾರ್ಜಿನ್ ಬಿಟ್ಟಿದ್ದೀನಿ ಸ್ವಾಮಿ. ಹೊಲಿಗೆ ಬಿಚ್ಚಿದ್ರೆ ಉದ್ದ ಆಗುತ್ತೆ,” ಎಂದಿದ್ದಳು ಅವಳು, ತಲೆಯೆತ್ತದೆ. ಅವನಿಗೆ ನಗು ಬಂದಿತ್ತು.

ಆಮೇಲೆ ಅವನು ಸೇತುವೆ ಕೆಲಸಕ್ಕೆಂದು ದೂರದ ಊರಿಗೆ ಹೋದ. ದಿನಾ ಫೋನ್ ಮಾಡುತ್ತಿದ್ದ. ಮೊದಮೊದಲು ಅವಳು ಕಾಯುತ್ತಿದ್ದಳು. ಈಚೆಗೆ ಫೋನ್ ಬರದ ದಿನ ಹಾಯೆನಿಸುತ್ತಿತ್ತು. ಯಾಕೆಂದು ಕೇಳಿದರೆ ಅವಳ ಬಳಿ ಕಾರಣವೂ ಇರಲಿಲ್ಲ, ಬೇರೆ ಹುಡುಗನೂ ಇರಲಿಲ್ಲ. ಮದುವೆಯ ಮಾತೆತ್ತಿದಾಗಲೆಲ್ಲ “ನೋಡೋಣ” ಎಂದು ಜಾರಿಕೊಳ್ಳುತ್ತಿದ್ದಳು.

ಇವತ್ತು ಅವನ ಮೆಸೇಜು ಬಂದಿತ್ತು: “ಕೆಲಸ ಬಿಟ್ಟು ನಿಮ್ಮೂರಿಗೇ ಬರ್ತೀನಿ. ನಾಳೆ ಮೇಸ್ತ್ರಿಗೆ ಹೇಳ್ತೀನಿ. ಬೇಡ ಅನ್ನೋದಾದ್ರೆ ಬರೆದು ಹೇಳು, ಫೋನಲ್ಲಾದ್ರೆ ನಾನು ಜಗಳ ಆಡ್ಬಿಡ್ತೀನಿ.”

ಇವತ್ತು ಹೇಳದಿದ್ದರೆ ಅವನು ಇರುವ ಕೆಲಸವನ್ನೂ ಕಳೆದುಕೊಳ್ಳುತ್ತಾನೆ...

ಅವಳು ಬರೆದದ್ದನ್ನು ಪಕ್ಕದ ಮೆಷಿನ್ನಿನಲ್ಲಿದ್ದ ಅಕ್ಕ ಓದಿದಳು: “ಸದ್ಯಕ್ಕೆ ಬೇಡ ಅನ್ಸುತ್ತೆ. ಮುಂದೆ ಏನಾಗುತ್ತೋ ಯಾರಿಗೆ ಗೊತ್ತು...”

“ಇದೇನೇ, ಇದಕ್ಕೂ ಮಾರ್ಜಿನ್ ಬಿಟ್ಟಿದ್ದೀಯಾ?”

“ಅವ್ನಿಗೆ ನೋವಾಗುತ್ತಲ್ಲ ಅಕ್ಕ.”

“ಆಗುತ್ತೆ. ಆದ್ರೆ ಹಿಂಗೆ ಬರೆದ್ರೆ ಅವ್ನು ಕಾಯ್ತಾ ಕೂತ್ಕೋತಾನೆ. ನಿಂಗೆ ಮನಸ್ಸು ಬದಲಾಗುತ್ತಾ, ಹೇಳು?”

ಅವಳು ತಲೆಯಾಡಿಸಿದಳು. ಇಲ್ಲ.

“ಸದ್ಯಕ್ಕೆ” ಅಳಿಸಿದಳು. “ಮುಂದೆ” ಅಳಿಸಿದಳು. “ನಿಂಗೆ ನನಗಿಂತ ಒಳ್ಳೆಯವಳು ಸಿಗ್ತಾಳೆ” ಎಂದು ಸೇರಿಸಿ, ಅದು ತನ್ನ ಸಮಾಧಾನಕ್ಕೆ ಬರೆದ ಮಾತು ಎನಿಸಿ ಅದನ್ನೂ ಅಳಿಸಿದಳು. ಅವನ ಮೇಲೆ ತಪ್ಪು ಹೊರಿಸಲಿಲ್ಲ. ಕೊನೆಗೆ ಉಳಿದದ್ದು ಇಷ್ಟು:

“ನಾನು ನಿನ್ನ ಮದುವೆ ಆಗಲ್ಲ. ನಮ್ಮ ಸಂಬಂಧ ಇಲ್ಲಿಗೆ ಮುಗಿಸ್ತಾ ಇದ್ದೀನಿ. ನಿನ್ನನ್ನ ಪ್ರೀತಿಸಿದ್ದು ನಿಜ, ಈಗ ಆ ಪ್ರೀತಿ ಇಲ್ಲ. ನೀನೇನೂ ತಪ್ಪು ಮಾಡಿಲ್ಲ. ನೋಡೋಣ ನೋಡೋಣ ಅಂತ ಕಾಯಿಸಿದ್ದು ನನ್ನ ತಪ್ಪು, ಕ್ಷಮಿಸು. ನನ್ನ ಮನಸ್ಸು ಬದಲಾಗಲ್ಲ, ದಯವಿಟ್ಟು ಕೆಲಸ ಬಿಡಬೇಡ. ಇನ್ನು ಮೇಲೆ ಫೋನ್ ಬೇಡ. ನಿಂಗೆ ಏನಾದ್ರೂ ಹೇಳ್ಬೇಕು ಅನಿಸಿದ್ರೆ ಬರಿ, ಓದ್ತೀನಿ.”

ಕಳಿಸಿದಳು. ಫೋನನ್ನು ಬಟ್ಟೆಯ ಅಡಿಗೆ ಸರಿಸಿಟ್ಟಳು.

ಸಂಜೆ ಉತ್ತರ ಬಂತು.

“ಮೂರು ಸಲ ಓದಿದೆ. ಎಲ್ಲಾದ್ರೂ ‘ಆದ್ರೆ’ ಅಂತ ಇದೆಯಾ ಅಂತ ಹುಡುಕಿದೆ. ಇಲ್ಲ. ತುಂಬಾ ನೋವಾಗ್ತಿದೆ. ಆದ್ರೂ ನೇರವಾಗಿ ಹೇಳಿದ್ಯಲ್ಲ, ಒಳ್ಳೇದಾಯ್ತು. ಕೆಲಸ ಬಿಡಲ್ಲ. ಕೊನೇದಾಗಿ ಒಂದು ಕೇಳ್ತೀನಿ... ಊಟ ಮಾಡಿದ್ಯಾ?”

ಅವಳ ಕಣ್ಣು ತುಂಬಿತು. “ಮಾಡಿದೆ. ನೀನು?” ಎಂದು ಬರೆದಳು.

ಸ್ವಲ್ಪ ಹೊತ್ತು ಅದನ್ನೇ ನೋಡಿದಳು. “ನೀನು?” ಎಂಬುದನ್ನು ಮೆಲ್ಲಗೆ ಅಳಿಸಿದಳು.

“ಮಾಡಿದೆ. ಚೆನ್ನಾಗಿರು.”

“ನೀನೂ,” ಎಂದ ಅವನು.