ಕೊಡೆಯ ಮೇಲಿನ ಮಳೆ

"ಮಳೆ ಧೋ, ಮಾರ್ಕೆಟ್ಟು ಗಿಜಿಗಿಜಿ, ರೈಲು ಚುಕುಬುಕು... ಮೂರೂ ಬಾಡಿಗೆ ಸದ್ದುಗಳು, ಹಂಸಿನಿಯವರೇ."

ದೇಶದ ರಾಜಧಾನಿಯ ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಸೇರಿದ್ದ ಕನ್ನಡದ ಮಂದಿ ನಕ್ಕರು. ಕವಿಗೋಷ್ಠಿಯಲ್ಲಿ ನಗಿಸುವವನಿಗೆ ಜನ ಸದಾ ಋಣಿಗಳು.

ವಿಮರ್ಶೆಗೆಂದು ಕರೆಸಿದ್ದ ಸುದರ್ಶನ್ ಅಲ್ಲಿಗೆ ನಿಲ್ಲಿಸಲಿಲ್ಲ. ಧೋ ಎನ್ನುವ ಮಳೆ ಯಾವುದರ ಮೇಲೂ ಬೀಳುವುದಿಲ್ಲ, ಬರೀ ಸಾಲು ತುಂಬಿಸುತ್ತದೆ ಎಂದ. ಗಿಜಿಗಿಜಿ ಕಣ್ಣಿಗೆ ಕಾಣುವ ಜನಸಂದಣಿ, ಕಿವಿಗೆ ಏನನ್ನೂ ಕೊಡದು. ಚುಕುಬುಕು ಅಂತೂ ಕಲ್ಲಿದ್ದಲ ಇಂಜಿನ್ನಿನ ಜೊತೆಗೇ ನಿವೃತ್ತಿಯಾಗಿ ಶಿಶುವಿಹಾರ ಸೇರಿದೆ.

ಹಂಸಿನಿ ತಾನು ಓದಿದ ಕವಿತೆಯ ಹಾಳೆ ಮಡಚಿ ಎದ್ದು ಹೋದಳು. 'ಇವನಿಗೆ ಎಲ್ಲ ಕೇಳಿಸುತ್ತೆ... ನನ್ನದೊಂದು ಬಿಟ್ಟು.'

ಅದು ಅವಳ ಅಣ್ಣ ಗುರುರಾಜ ಸತ್ತ ದಿನದ ಕವಿತೆ ಎಂದು ಆಮೇಲೆ ಯಾರೋ ಹೇಳಿದರು. ಸುದರ್ಶನನ ಕೈಯಲ್ಲಿ ಚಹಾ ಆರಿತು.

ಮರುದಿನ ಅವನು ಮುನಿರ್ಕಾದಲ್ಲಿ ಅವಳ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ನಿಂತು ಕ್ಷಮೆ ಕೇಳಿದ.

"ನೀವು ಹೇಳಿದ್ದು ಸರಿನೇ," ಎಂದಳು. "ಅದಕ್ಕೇ ಜಾಸ್ತಿ ನೋವಾಯ್ತು."

"ಆವತ್ತು ನಿಮಗೆ ನಿಜವಾಗ್ಲೂ ಏನು ಕೇಳಿಸ್ತು?"

ಪೊಲೀಸರು ಸಾವಿನ ಹೊತ್ತು ಕೇಳಿದ್ದರು, ನೆಂಟರು ಜಾತಕ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

ಅಣ್ಣ ಕರೋಲ್ ಬಾಗ್ ಮಾರ್ಕೆಟ್‌ನಿಂದ ಫೋನ್ ಮಾಡಿದ್ದ. ಅವನ ಹಿಂದೆ ಒಬ್ಬನೇ ಮಾರುವವನ ಕೂಗು, ತಗೊಳ್ಳಿ ತಗೊಳ್ಳಿ ಎಂದು ಹಿಂದಿಯಲ್ಲಿ, 'ಲೇ ಲೋ, ಲೇ ಲೋ'. ಆಮೇಲೆ ಮಳೆ. ಮಾತಾಡುತ್ತಲೇ ಹತ್ತಿರದ ದಾರಿಯೆಂದು ಹಳಿ ದಾಟತೊಡಗಿದ್ದ.

"ಕೊಡೆ ಮೇಲೆ ಪಟಪಟ ಅಂತಿತ್ತು. ನನ್ನ ರೇಗಿಸ್ತಿದ್ದ. ಪಟಪಟ ನಿಂತೋಯ್ತು... ಮಳೆ ನಿಂತಿರ್ಲಿಲ್ಲ. ಬರೀ ಸೋ... ಅಂತ, ಜಲ್ಲಿಕಲ್ಲಿನ ಮೇಲೆ. ಫೋನ್ ಆಫ್ ಆಗಿರ್ಲಿಲ್ಲ. ಅವನ ಕೈಯಲ್ಲಿ ಕೊಡೆ ಇಲ್ಲ ಅಂತ ಹಾಗೇ ಗೊತ್ತಾಯ್ತು."

"ರೈಲಿನ ಸದ್ದು?"

"ನೆನಪೇ ಇಲ್ಲ. ಇದನ್ನ ಬರೆಯೋಕೆ ಹೆದರಿ ಧೋ ಅಂತ ಬರೆದುಬಿಟ್ಟೆ."

ಸುದರ್ಶನ್ ಅದೇ ಮೆಟ್ಟಿಲ ಮೇಲೆ ಕೂತ. ಬೇರೆ ಕವಿತೆಯಲ್ಲಾದರೆ ಈ 'ಸೋ' ಕೂಡ ಅಗ್ಗವೇ. ಪಟಪಟದ ಬೆನ್ನಿಗೆ ಬಂದಾಗ ಅದೇ ಸಾವಿನ ಸುದ್ದಿ.

"ರೈಲಿಗೆ ಸದ್ದು ಕೊಡಬೇಡಿ," ಎಂದ ಮೆಲ್ಲಗೆ. "ಪಟಪಟ, ಆಮೇಲೆ ಸೋ. ಒಂದೊಂದೇ ಸಲ. ವಿವರಿಸ್ಲೂ ಬೇಡಿ."

ಅವಳು ಹಾಗೇ ಬರೆದಳು. ಅವನು ಓದಲು ಬಂದ, ಮತ್ತೆ ಬಂದ. ಓದುವುದಕ್ಕೇನೂ ಇಲ್ಲದಾಗಲೂ ಬಂದ.

ಒಂದು ಸಂಜೆ ಮುನಿರ್ಕಾ ಮೆಟ್ರೋದ ಬಾಗಿಲಲ್ಲಿ ಮಳೆ ಹಿಡಿಯಿತು. ಹಂಸಿನಿ ಅಣ್ಣ ಹೋದಮೇಲೆ ಕೊಡೆ ಮುಟ್ಟಿರಲಿಲ್ಲ. ಸುದರ್ಶನ್ ಅದನ್ನು ಮರೆತು ತನ್ನ ಕೊಡೆ ಬಿಚ್ಚಿದ.

ಪಟಪಟ.

ಅವಳು ಕಲ್ಲಾದಳು. ಅವನು ಗಾಬರಿಯಿಂದ ಮಡಚಹೋದಾಗ ಮಣಿಕಟ್ಟು ಹಿಡಿದಳು.

"ಬೇಡ... ಇರಲಿ."

"ಹಂಸಿನಿ, ಇನ್ನು ಮುಂದೆ ನಿಮ್ಮ ಜೊತೆಗೇ ಇರಬೇಕು ನನಗೆ," ಎಂದ. ಅಲಂಕಾರವೇನೂ ಹೊಳೆಯಲಿಲ್ಲ.

ಅವಳು ಬಹಳ ಹೊತ್ತು ಕೊಡೆಯ ಮೇಲಿನ ಮಳೆಯನ್ನೇ ಕೇಳಿದಳು.

"ಹಾಗಾದ್ರೆ ಕೊಡೆ ಬಿಡಬೇಡ."

"ಬಿಡಲ್ಲ."