ಅರ್ಧ ಇಂಗ್ಲಿಷಿನ ಒಲವು

ಅವರಿಬ್ಬರ ಮೊದಲ ಜಗಳ ಒಂದು ಟ್ರಕ್ಕಿನ ಹೆಸರಿಗೆ ಆಯಿತು.

ಸ್ಯಾನ್ ಆಂಟೋನಿಯೋದ ಪುಟ್ಟ ಸ್ಪ್ಯಾನಿಷ್ ರೇಡಿಯೋದಲ್ಲಿ ನೆರೇಡಾ ಜಾಹೀರಾತು ಬರೆಯುವವಳು. ಎರ್ನಾನ್ ಎರಡು ವರ್ಷದ ಕರಾರಿನ ಮೇಲೆ ಬೊಗೊಟಾದಿಂದ ಬಂದ ಸುದ್ದಿ ಸಂಪಾದಕ. ಟೈರ್ ಅಂಗಡಿಯ ಜಾಹೀರಾತಿನಲ್ಲಿ ಅವಳು ಬರೆದ 'ಟ್ರೋಕಾ'ವನ್ನು ಅವನು ಕೆಂಪು ಪೆನ್ನಿನಲ್ಲಿ ಹೊಡೆದು ಅಚ್ಚ ಸ್ಪ್ಯಾನಿಷಿನ 'ಕಮಿಯೊನೇಟಾ' ಮಾಡಿದ್ದ. ಅವಳು ಹಾಳೆ ಹಿಡಿದು ಅವನ ಮೇಜಿನ ಮುಂದೆ ನಿಂತಳು.

"ಇಂಗ್ಲಿಷಿನ ಟ್ರಕ್ಕಿಗೆ ನಮ್ಮ ಬಾಲ ಅಂಟಿಸಿದ್ದೀರಿ" ಅಂದ ಅವನು.

"ಅಂಟಿಸಿದ್ದು ನಮ್ಮ ಮುತ್ತಜ್ಜಂದಿರು. ಕಮಿಯೊನೇಟಾ ಅಂದ್ರೆ ಇಲ್ಲಿ ಯಾರೂ ಟೈರ್ ತಗೊಳ್ಳೋಕೆ ಬರಲ್ಲ. ನಿನ್ನ ಸುದ್ದೀಲಿ ಏನು ಬೇಕಾದ್ರೂ ಬರ್ಕೋ."

ಕೊನೆಗೆ ಒಪ್ಪಂದವಾಯಿತು. ಸುದ್ದಿ ಅಚ್ಚ ಸ್ಪ್ಯಾನಿಷಿನಲ್ಲಿ, ಜಾಹೀರಾತು ಬೀದಿಯ ಮಾತಿನಲ್ಲಿ. ಆದರೆ ಮಾರನೆಯ ದಿನವೂ ಅವನು ಏನೋ ನೆಪ ಹುಡುಕಿಕೊಂಡು ಅವಳ ಮೇಜಿಗೆ ಬಂದ. ಅವಳು ತಲೆ ಎತ್ತದೆ ನಗು ನುಂಗಿದಳು. ನುಂಗಿದ್ದು ಅವನಿಗೆ ಕಾಣಲಿ ಎಂದೇ ಸ್ವಲ್ಪ ತಡವಾಗಿ ನುಂಗಿದಳು.

ಬೆಳಗಿನ ಟ್ಯಾಕೋ ತಿನ್ನುತ್ತಾ ಅವಳು ಅವನಿಗೆ ಪಾಠ ಹೇಳುತ್ತಿದ್ದಳು. ನಮ್ಮ ಬೀದಿಯ ಮಾತು ಅಂದರೆ ತೋಚಿದಂತೆ ಕಲಸುವುದಲ್ಲ, ಅರ್ಧ ವಾಕ್ಯ ಆ ಭಾಷೆ, ಅರ್ಧ ಈ ಭಾಷೆ, ಆದರೆ ತಿರುಗುವ ಜಾಗ ಎಲ್ಲರಿಗೂ ಗೊತ್ತು ಎನ್ನುತ್ತಿದ್ದಳು. ಸ್ಪ್ಯಾನಿಷಿನ 'ನಾನು' ಪಕ್ಕದಲ್ಲಿ ಇಂಗ್ಲಿಷಿನ 'ಹೋದೆ' ಇಟ್ಟರೆ ಅವಳ ಬೀದಿಯ ಕೂಸೂ ನಗುತ್ತದಂತೆ. ಅವನೇ ಮೀಟಿಂಗಿನಲ್ಲಿ 'ಮಾರ್ಕೆಟಿಂಗ್' ಎಂದದ್ದನ್ನು ಅವಳು ಹಿಡಿದುಬಿಟ್ಟಳು.

"ಬೊಗೊಟಾದ ಸೂಟು ಹಾಕಿದೋರು ಇಂಗ್ಲಿಷ್ ಪದ ಅಂದ್ರೆ ಸ್ಟೈಲು, ಇಲ್ಲಿ ನಮ್ಮ ವೆಸ್ಟ್ ಸೈಡ್ ಬೀದಿಯೋರು ಅಂದ್ರೆ ತಪ್ಪು. ಚೆನ್ನಾಗಿದೆ ನ್ಯಾಯ."

ಅವನು ಅವಳ ತುಟಿಯಂಚಿಗೆ ಅಂಟಿದ್ದ ಸಾಲ್ಸಾವನ್ನೇ ನೋಡುತ್ತಾ ಕೂತ. ಮೊದಲ ಮುತ್ತಿನ ಮೇಲೂ ಅವನು ತನ್ನ ಊರಿನ ರೂಢಿಯಂತೆ 'ನೀವು' ಅಂದಾಗ ಅವಳು ನಕ್ಕು ನಕ್ಕು ಸುಸ್ತಾದಳು. ಅಷ್ಟು ಹೊತ್ತಿಗೆ ಅವಳು ಅವನಿಗೆ ಪೂರ್ತಿ ಸೋತಿದ್ದಳು.

ಕರಾರು ಮುಗಿಯಲು ತಿಂಗಳಿರುವಾಗ ಅವನ ತಾಯಿ ದೋನ್ಯಾ ಮಿರ್ಯಮ್ ಬಂದರು. ನೆರೇಡಾ ಮೂರು ದಿನ ಕನ್ನಡಿಯ ಮುಂದೆ ಒಂದೂ ಇಂಗ್ಲಿಷ್ ಪದವಿಲ್ಲದ ಮಾತು ಕಲಿತಳು. ಊಟದ ಮೇಜಿನಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ಮುದುಕಿ ಅವಳ ಕೈ ಹಿಡಿದು, ನನ್ನ ಮಗನ ಜೊತೆ ಬೊಗೊಟಾಕ್ಕೆ ಬರುತ್ತೀಯಾ ಎಂದು ಕೇಳಿದರು. ಅವಳ ಎದೆ ತುಂಬಿ ಬಂತು, ಕಲಿತದ್ದೆಲ್ಲ ಹಾರಿಹೋಯಿತು. ಎಲ್ಲದರಲ್ಲೂ ಇವನನ್ನು ಸಪೋರ್ಟ್ ಮಾಡುತ್ತೇನೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಇಂಗ್ಲಿಷಿನ ನೆರಳಿನಲ್ಲಿ ಬೆಳೆದ ಸ್ಪ್ಯಾನಿಷ್ ಪದ, 'ಸೊಪೊರ್ತೊ'. ಅವಳ ಬೀದಿಯಲ್ಲಿ ಅದಕ್ಕೆ ಬೆನ್ನಿಗೆ ನಿಲ್ಲುತ್ತೇನೆ ಎಂದು ಅರ್ಥ. ತಾಯಿಯ ಕಿವಿಗೆ ಬಿದ್ದದ್ದು, ಎಲ್ಲದರಲ್ಲೂ ಇವನನ್ನು ಸಹಿಸಿಕೊಂಡಿದ್ದೇನೆ.

ಮುದುಕಿಯ ಕೈ ಸಡಿಲಾಯಿತು. ಎರ್ನಾನ್‌ಗೆ ಅವಳು ಹೇಳಹೊರಟದ್ದು ತಕ್ಷಣ ಅರ್ಥವಾಗಿತ್ತು. ತಾಯಿಗೆ, ಇವಳು ನನ್ನನ್ನು ಪ್ರೀತಿಸುತ್ತಾಳೆ ಎಂದಿದ್ದರೆ ಸಾಕಿತ್ತು, ಪುಣ್ಯಾತ್ಮ.

"ಬೆನ್ನಿಗೆ ನಿಲ್ಲೋದಕ್ಕೆ 'ಅಪೋಯೊ' ಅನ್ನಬೇಕು" ಅಂದ, ಮೆಲ್ಲಗೆ.

ತಾಯಿ ಹಗುರಾಗಿ ನಕ್ಕರು. ಪಾಪ, ಇಲ್ಲಿ ಹುಟ್ಟಿದ ಮಕ್ಕಳು ಎಂದು ಅವಳ ಕೆನ್ನೆ ತಟ್ಟಿದರು. ಆ ಕರುಣೆಯನ್ನು ನೆರೇಡಾಗೆ ತಡೆಯಲಾಗಲಿಲ್ಲ.

ಹೊರಗೆ ಕಾರಿನ ಹತ್ತಿರ ಅವಳು ಹೇಳಿದಳು, "ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಶಾಲೇಲಿ ನಮ್ಮಜ್ಜನಿಗೆ ಹೊಡೆದ್ರು. ಸರಿಯಾಗಿ ಮಾತಾಡಲ್ಲ ಅಂತ ನನ್ನ ಕೆನ್ನೆ ತಟ್ತಾರೆ. ನಾನು ಯಾವ ಬಾಯಲ್ಲಿ ನಿನ್ನ ಪ್ರೀತಿಸ್ಲಿ?"

ಅವನು ಕ್ಷಮೆ ಕೇಳಿದ. ದಿನವೂ ಕೇಳಿದ. ಬೊಗೊಟಾಕ್ಕೆ ಬನ್ನಿ ಎಂದು ಗೋಗರೆದ. ಅವಳಿಗೂ ಹೋಗುವ ಆಸೆ ಇತ್ತು, ಹೇಳಿಕೊಳ್ಳಲಾಗದಷ್ಟು ಇತ್ತು. ಅಲ್ಲಿ ತರಕಾರಿಯವಳಿಂದ ನಾದಿನಿಯವರೆಗೆ ಎಲ್ಲರೂ ತಿದ್ದಬಹುದು, ಅದನ್ನು ನಕ್ಕು ಕಳೆಯಬಲ್ಲೆ ಎನಿಸುತ್ತಿತ್ತು. ಮನೆಯೊಳಗೆ ಮಾತ್ರ ಹೆದರದೆ ಬಾಯಿ ಬಿಡುವಂತಿರಬೇಕು.

ಅವನು ಹೊರಡುವ ಮಧ್ಯಾಹ್ನ ಏರ್‌ಪೋರ್ಟಿನಲ್ಲಿ ಅವಳ ಕೈಗಳೆರಡನ್ನೂ ಹಿಡಿದುಕೊಂಡ.

"ನಿಮಗೆ ಹೇಗೆ ಬರುತ್ತೋ ಹಾಗೇ ಮಾತಾಡಿ. ಒಂದೂ ತಿದ್ದಲ್ಲ. ನನ್ನಾಣೆ."

ಅವಳು ಮಾತಾಡಿದಳು. ಎರಡೂ ಭಾಷೆ ಒಟ್ಟಿಗೆ ಬಂದವು. ಕಾರಿನಲ್ಲಿ ಒಬ್ಬಳೇ ಅತ್ತದ್ದು, ಅವನ ವಾಸನೆಗೆಂದು ಅವನ ಅಂಗಿ ಕದ್ದಿಟ್ಟದ್ದು, ಕರೆದರೆ ಇವತ್ತೇ ಟಿಕೆಟ್ ತೆಗೆದು ಬಂದುಬಿಡುತ್ತೇನೆ ಎನ್ನುವುದು. ಜನ್ಮದಲ್ಲೇ ಯಾರ ಮುಂದೆಯೂ ಅಷ್ಟು ಬಿಚ್ಚಿ ಆಡಿರಲಿಲ್ಲ. ಅವನ ಕಣ್ಣು ತುಂಬಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕೊಟ್ಟ ಮಾತಿನಂತೆ ಅವನು ಒಂದೂ ತಿದ್ದಲಿಲ್ಲ.

ಆದರೆ ಅವನ ತುಟಿ ಅಲುಗುತ್ತಿತ್ತು. ಸದ್ದಿಲ್ಲದೆ, ಅವನಿಗೇ ಗೊತ್ತಿಲ್ಲದೆ, ಅವಳ ಒಂದೊಂದು ಇಂಗ್ಲಿಷ್ ಪದದ ಹಿಂದೆಯೇ ಸರಿಯಾದ ಸ್ಪ್ಯಾನಿಷ್ ಪದವನ್ನು ಇಡುತ್ತಿತ್ತು.

ಅವಳು ಮಾತು ನಿಲ್ಲಿಸಿದಳು. ಸಿಟ್ಟು ಬರಲಿಲ್ಲ, ಪಾಪ ಎನಿಸಿತು, ಅವನ ಮೇಲೂ ತನ್ನ ಮೇಲೂ. ಆ ತುಟಿಗೆ ಮುತ್ತಿಟ್ಟಳು, ಅದು ಅಲುಗುವುದನ್ನು ನಿಲ್ಲಿಸುವವರೆಗೂ ಹಾಗೇ ನಿಂತಿದ್ದಳು. ಆಮೇಲೆ ಒಬ್ಬಳೇ ಪಾರ್ಕಿಂಗ್ ಕಡೆ ನಡೆದಳು.